ಅಜ್ಜಿಯ ತಟ್ಟೆಯನ್ನು ನೋಡಿದವರು ಯಾರು?

ಕಳೆದ ತಿಂಗಳು ಮನೆಭೇಟಿಗೆಂದು ಹೋಗಿದ್ದಾಗ ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ರಾತ್ರಿಯ ಊಟಕ್ಕೆ ಕುಳಿತುಕೊಳ್ಳುವ ಯೋಗ ನಮಗೆ ಒದಗಿತು. ಜಪಸರ ಮುಗಿದಿತ್ತು. ಮಕ್ಕಳು ಹಿರಿಯರಿಂದ ಆಶೀರ್ವಾದ ಪಡೆದಾಗಿತ್ತು. ಮೇಜಿನ ಮೇಲೆ ಕುಚ್ಚಲಕ್ಕಿ ಗಂಜಿಯೂ ಬಂಗುಡೆಯ ಸಾರೂ ಹಬೆಯಾಡುತ್ತಿದ್ದವು. ನಾವು ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಹೇಳಿ ಕಣ್ಣು ತೆರೆದಾಗ ಮನೆಮಂದಿಯೆಲ್ಲ ತಲೆ ಬಾಗಿಸಿ ಕುಳಿತಿರುವುದನ್ನು ಕಂಡು ಸಂತೋಷಪಟ್ಟೆವು. ಆಮೆನ್ ಹೇಳಿಯಾದ ಮೇಲೂ ಅಜ್ಜಿಯೊಬ್ಬರನ್ನು ಬಿಟ್ಟು ಉಳಿದವರ ತಲೆ ಮೇಲೇಳದಿದ್ದಾಗಲೇ ಆ ಭಕ್ತಿಯ ಗುಟ್ಟು ನಮಗೆ ತಿಳಿದದ್ದು. ಅಪ್ಪ, ಅಮ್ಮ, ಮಗಳು, ಕಿರಿಯ ಮಗ, ನಾಲ್ವರ ತೊಡೆಯ ಮೇಲೂ ಒಂದೊಂದು ಮೊಬೈಲು ಬೆಳಗುತ್ತಿತ್ತು.

ನಾವು ಆ ಮನೆಗೆ ಹೊಸಬರಲ್ಲವಾದ್ದರಿಂದ ಯಾರಿಗೂ ಸಂಕೋಚವಿರಲಿಲ್ಲ. ಮಗನ ಕೈಯಲ್ಲಿ ಕ್ರಿಕೆಟ್ಟಿನ ಆಟ, ಮಗಳ ಕೈಯಲ್ಲಿ ಗೆಳತಿಯರ ಹರಟೆ, ಅಮ್ಮನ ಕೈಯಲ್ಲಿ ಗಾಯನ ಮಂಡಳಿಯ ವಾಟ್ಸಾಪ್ ಗುಂಪು. ಯಜಮಾನರನ್ನು ಮೆಲ್ಲನೆ ಗದರಿಸೋಣವೆಂದು, "ಏನು ಓದುತ್ತಿದ್ದೀರಿ?" ಎಂದು ಕೇಳಿದೆವು. "ನಿಮ್ಮದೇ ಮೆಸೇಜು, ಫಾದರ್! ಆದಿತ್ಯವಾರದ ಸಭೆಯದ್ದು" ಎಂದರು. ಹೌದು, ಅವರ ಅಂಗಳಕ್ಕೆ ಕಾಲಿಡುವ ಮುನ್ನ ಧರ್ಮಕೇಂದ್ರದ ಗುಂಪಿಗೆ ಅದನ್ನು ಕಳುಹಿಸಿದವರು ನಾವೇ. ಅಷ್ಟರಲ್ಲಿ ನಮ್ಮ ಜೇಬಿನ ಮೊಬೈಲೂ ಮೊಳಗಿತು. ಅದಕ್ಕೆ ನಾವು ಇಟ್ಟಿದ್ದದ್ದು ಚರ್ಚಿನ ಗಂಟೆಯ ನಾದ. ಕಿವಿ ಸ್ವಲ್ಪ ಮಂದವಾಗಿರುವ ಅಜ್ಜಿ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟು, ಶಿಲುಬೆಯ ಗುರುತು ಮಾಡಿ, ದೇವದೂತನ ಪ್ರಾರ್ಥನೆಯನ್ನೇ ಆರಂಭಿಸಿಬಿಟ್ಟರು. ಉಪದೇಶ ಮಾಡಲು ಬಾಯ್ತೆರೆದಿದ್ದ ನಾವು ತೆಪ್ಪಗೆ ಜತೆಗೂಡಿದೆವು.

ನಿಜವಾದ ಪಾಠ ನಡೆದದ್ದು ಆಮೇಲೆ. ಗಂಟೆ ಎಂಟೂವರೆಯಾಗಿತ್ತು, ಅಂದರೆ ದುಬೈಯಲ್ಲಿ ಏಳು. ಅಲ್ಲಿ ಕೆಲಸದಲ್ಲಿರುವ ಹಿರಿಯ ಮಗನ ವಿಡಿಯೋ ಕರೆ ಬಂತು. ಅಮ್ಮ ತನ್ನ ಮೊಬೈಲನ್ನು ನೀರಿನ ಹೂಜಿಗೆ ಒರಗಿಸಿ ಮೇಜಿನ ತುದಿಯಲ್ಲಿ ನಿಲ್ಲಿಸಿದರು. ನಮಸ್ಕಾರದ ಮಾತುಗಳಾದ ಮೇಲೆ ಹುಡುಗ ಕೇಳಿದ: "ಅಜ್ಜಿ, ನಿಮ್ಮ ತಟ್ಟೆಯಲ್ಲಿ ಇವತ್ತೂ ಬರೀ ಗಂಜಿಯೇ ಇದೆಯಲ್ಲ. ಸೋಮವಾರದಿಂದ ನೋಡುತ್ತಿದ್ದೇನೆ, ಮೀನು ಯಾಕೆ ತಿನ್ನುವುದಿಲ್ಲ?" ಅಂದು ಗುರುವಾರ. ಅಜ್ಜಿ ತಡವರಿಸಿದರು: "ಹಲ್ಲು ನೋವು, ಮಗಾ. ಹೇಳೋಣ ಅಂದರೆ ಎಲ್ಲರೂ ಕೆಲಸದಲ್ಲಿದ್ದರು."

ಮೇಜು ಮೌನವಾಯಿತು. ಕೈಗೆಟಕುವಷ್ಟು ಹತ್ತಿರದಲ್ಲಿದ್ದವರಿಗೆ ಕಾಣದ ತಟ್ಟೆ ಕಡಲಾಚೆಯ ಹುಡುಗನಿಗೆ ಕಂಡಿತ್ತು. ಅವನು ಕಂಡದ್ದೂ ಮೊಬೈಲಿನ ಮೂಲಕವೇ ಎಂಬುದನ್ನು ನಾವು ಗಮನಿಸಬೇಕು. ಆದುದರಿಂದ ಯಂತ್ರವನ್ನು ಸೈತಾನನೆಂದು ಜರೆದು ಕೈ ತೊಳೆದುಕೊಳ್ಳುವಂತಿಲ್ಲ. ಅದೇ ಯಂತ್ರ ಒಬ್ಬನನ್ನು ಊಟದ ಮೇಜಿಗೆ ಕರೆತಂದಿತ್ತು, ನಾಲ್ವರನ್ನು ಮೇಜಿನಿಂದ ಎಬ್ಬಿಸಿಕೊಂಡು ಹೋಗಿತ್ತು. ವಿವೇಚಿಸಬೇಕಾದದ್ದು ಈ ವ್ಯತ್ಯಾಸವನ್ನೇ.

ಒಟ್ಟಿಗೆ ಉಪ್ಪು ಉಣ್ಣದೆ ಇಬ್ಬರು ಪರಸ್ಪರ ಅರಿಯಲಾರರೆಂಬ ಗಾದೆಯನ್ನು ಗ್ರೀಸಿನ ಅರಿಸ್ಟಾಟಲ್ ಸ್ನೇಹದ ವಿಚಾರವಾಗಿ ಬರೆಯುವಾಗ ನೆನೆಯುತ್ತಾನೆ. ನಾವು ಉಪ್ಪಿನ ಋಣವೆನ್ನುವುದು ಇದಕ್ಕೆ ದೂರದ ಮಾತಲ್ಲ. ಎಮ್ಮಾವುಸಿನ ದಾರಿಯಲ್ಲಿ ಜತೆಗೇ ನಡೆದರೂ ಪ್ರಭುವನ್ನು ಗುರುತಿಸದ ಶಿಷ್ಯರ ಕಣ್ಣು ತೆರೆದದ್ದು ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ. ಅಂದು ಆ ಇಬ್ಬರ ತೊಡೆಯ ಮೇಲೆ ಮೊಬೈಲಿದ್ದಿದ್ದರೆ ಶುಭಸಂದೇಶದಲ್ಲಿ ಒಂದು ಅಧ್ಯಾಯ ಕಡಿಮೆಯಾಗುತ್ತಿತ್ತೋ ಏನೋ!

ಕೈ ಮತ್ತೆ ಮತ್ತೆ ಅತ್ತ ಹೋಗುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಕ್ಕಿ ಅಭ್ಯಾಸವಾದ ಹಕ್ಕಿ, ಕಾಳು ನಿಂತಾಗ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಕಾಳು ಯಾವಾಗ ಬೀಳುವುದೆಂದು ಹೇಳಲಾಗದಿದ್ದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ನಮ್ಮ ಸಂದೇಶಗಳೂ ಹಾಗೆಯೇ. ಹತ್ತರಲ್ಲಿ ಒಂಬತ್ತು ಹೊಟ್ಟು, ಒಂದು ಕಾಳು. ಆ ಒಂದು ಯಾವುದೆಂದು ತಿಳಿಯದ ಕಾರಣ ಹತ್ತನ್ನೂ ಕುಕ್ಕುತ್ತೇವೆ. ಕೆನಡದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಗೆಳೆಯರೊಂದಿಗೋ ಮನೆಯವರೊಂದಿಗೋ ಹೊರಗೆ ಊಟ ಮಾಡಿದರು. ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡವರ ಗಮನ ಹೆಚ್ಚು ಚದುರಿತು, ಊಟದ ಸುಖವೂ ಕಡಿಮೆಯಾಯಿತು. ಈ ವ್ಯತ್ಯಾಸ ಬೆಟ್ಟದಷ್ಟಲ್ಲ, ಅಲ್ಪವೇ. ಆದರೆ ದಿನದಿನದ ಅಲ್ಪವೇ ಅಜ್ಜಿಯ ನಾಲ್ಕು ದಿನದ ಹಲ್ಲುನೋವಾಯಿತು.

ದಿವಂಗತ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು 2019ರ ಡಿಸೆಂಬರ್ 29ರಂದು, ಪವಿತ್ರ ಕುಟುಂಬದ ಹಬ್ಬದ ದಿನ, ಊಟದ ಹೊತ್ತಿನಲ್ಲಿ ಮೊಬೈಲು ಹಿಡಿದು ಕುಳಿತ ಕುಟುಂಬದ ಮೌನ ಬಲಿಪೂಜೆಯ ಮೌನದಂತಿದೆಯೆಂದು ವಿನೋದವಾಗಿ ಹೇಳಿದ್ದರು. ಗುರುಗಳು ಬೀಗಬೇಕಾಗಿಲ್ಲ. 2017ರ ನವೆಂಬರಿನಲ್ಲಿ ಅವರು ಬಲಿಪೂಜೆಯ ವೇಳೆ ಮೊಬೈಲೆತ್ತಿ ಚಿತ್ರ ತೆಗೆಯುವವರನ್ನು ಎಚ್ಚರಿಸಿದಾಗ ಭಕ್ತರನ್ನಷ್ಟೇ ಅಲ್ಲ, ಗುರುಗಳನ್ನೂ ಬಿಷಪರನ್ನೂ ಸೇರಿಸಿಯೇ ಹೇಳಿದ್ದರು.

ಆ ಮನೆಯವರು ಮರುದಿನವೇ ಒಂದು ಬೆತ್ತದ ಬುಟ್ಟಿಯನ್ನು ಊಟದ ಮೇಜಿನ ಪಕ್ಕದಲ್ಲಿಟ್ಟು ಮೊಬೈಲುಗಳನ್ನು ಅದರಲ್ಲಿ ಹಾಕಿದರು. ಮೊದಲ ವಾರ ಸೋಲೇ ಆಯಿತು. ಬುಟ್ಟಿಯೊಳಗೆ ಟಿಣ್ ಎಂದಾಗಲೆಲ್ಲ ತೊಟ್ಟಿಲಲ್ಲಿ ಮಗು ಅತ್ತಂತೆ ಎಲ್ಲರ ಕುತ್ತಿಗೆ ಅತ್ತ ತಿರುಗುತ್ತಿತ್ತು. ಮಕ್ಕಳು ಏಳೇ ನಿಮಿಷದಲ್ಲಿ ಉಂಡು ಬುಟ್ಟಿಗೆ ಕೈ ಹಾಕುತ್ತಿದ್ದರು. ಅಪ್ಪನ ಮೊಬೈಲು "ಆಫೀಸಿನದ್ದು" ಎಂಬ ನೆಪದಲ್ಲಿ ಜೇಬಿನಲ್ಲೇ ಉಳಿದಿತ್ತು. ಆಮೇಲೆ ತಿದ್ದಿಕೊಂಡರು. ಬುಟ್ಟಿ ಒಳಕೋಣೆಗೆ ಹೋಯಿತು. ಮೊದಲು ಹಾಕಬೇಕಾದವರು ಅಪ್ಪ. ಸಂದೇಶಗಳ ಸದ್ದನ್ನು ನಿಲ್ಲಿಸಿ ಕರೆಗಳ ಸದ್ದನ್ನು ಮಾತ್ರ ಉಳಿಸಿದರು, ಏಕೆಂದರೆ ಕಾಯಿಲೆ, ಅಪಘಾತಗಳ ಸುದ್ದಿ ಬರುವುದು ಸಾಮಾನ್ಯವಾಗಿ ಕರೆಯಲ್ಲೇ. ಬೇಗ ಉಂಡವರೂ ಅಜ್ಜಿ ಕೈ ತೊಳೆಯುವವರೆಗೆ ಏಳುವಂತಿಲ್ಲ. ದುಬೈಯ ಕರೆಗೆ ಎಂಟೂವರೆಯಿಂದ ಹತ್ತು ನಿಮಿಷ, ಒಂದೇ ಮೊಬೈಲು, ಅದೂ ಎಲ್ಲರಿಗೂ ಕಾಣುವಂತೆ ಹೂಜಿಗೆ ಒರಗಿ.

ಇದು ಫಲಿಸಿದೆಯೇ ಎಂದು ಅಳೆಯಲು ಮಾತಿನ ಗದ್ದಲವನ್ನು ಲೆಕ್ಕಹಾಕಬೇಕಾಗಿಲ್ಲ. ದಣಿದು ಬಂದವನು ಸುಮ್ಮನೆ ಉಣ್ಣುವುದು ಪಾಪವಲ್ಲ. ಪಕ್ಕದವರ ತಟ್ಟೆ ಬರಿದಾದಾಗ ಅವರು ಕೇಳುವ ಮೊದಲೇ ಯಾರಾದರೂ ಬಡಿಸಿದರೆ ಕಣ್ಣುಗಳು ಮೇಜಿಗೆ ಹಿಂದಿರುಗಿವೆಯೆಂದು ತಿಳಿಯಬಹುದು.

ನಮ್ಮ ಪಾಲಿನ ಪ್ರಾಯಶ್ಚಿತ್ತವನ್ನೂ ಹೇಳಬೇಕು. ಧರ್ಮಕೇಂದ್ರದ ಸೂಚನೆಗಳನ್ನು ಈಗ ಬೆಳಗಿನ ಬಲಿಪೂಜೆಯ ನಂತರವೇ ಕಳುಹಿಸುತ್ತೇವೆ, ರಾತ್ರಿ ಏಳೂವರೆಯ ಮೇಲೆ ಇಲ್ಲ. ಗಂಟೆಯ ನಾದವನ್ನು ಗೋಪುರಕ್ಕೇ ಬಿಟ್ಟುಕೊಟ್ಟಿದ್ದೇವೆ. ಕಳೆದ ವಾರ ಆ ಮನೆಗೆ ಹೋದಾಗ ಅಜ್ಜಿಯ ಹಲ್ಲು ಕೀಳಿಸಿಯಾಗಿತ್ತು. ಕಿರಿಯ ಮೊಮ್ಮಗ ಬಂಗುಡೆಯ ಮುಳ್ಳು ಬಿಡಿಸಿ ಅವರ ತಟ್ಟೆಗೆ ಹಾಕುತ್ತಿದ್ದ. ಮುಳ್ಳು ಬಿಡಿಸಲು ಎರಡೂ ಕೈ ಬೇಕು. ಮೊಬೈಲಿಗೆ ಅಲ್ಲಿ ಜಾಗವೇ ಇರಲಿಲ್ಲ.