ಅಳಿಯ ಸಹಿ ಹಾಕಿದ ಕಾಗದ



ಕಳೆದ ತಿಂಗಳು ತಾಯಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಹೊಲ ಅಡವಿಟ್ಟು ಮಗಳನ್ನು ಅಮೆರಿಕದ ಪೌರನಾದ ಹುಡುಗನಿಗೆ ಕೊಟ್ಟವರು ಅವರು. ಹೊಡೆತ ಬಡಿತವಾಗಿ ಮಗಳೀಗ ಬೇರೆ ಮನೆಯಲ್ಲಿದ್ದಾಳೆ. "ಡೈವೋರ್ಸ್ ಆದ ಮೇಲೆ ನಿನಗೆ ಬಿಡಿಗಾಸೂ ಇಲ್ಲ, ಊರಿಗೆ ಹೋಗು" ಎನ್ನುತ್ತಾನಂತೆ ಗಂಡ. "ಕರೆಸಿಕೊಂಡುಬಿಡಲೇ ಅಕ್ಕಾ?" ಎಂದು ಕೇಳಿದರು.

ಅವಳಿಗೆ ಗ್ರೀನ್ ಕಾರ್ಡ್ ಸಿಕ್ಕಿದೆಯೇ ಎಂದು ಕೇಳಿದೆ. ಸಿಕ್ಕಿದೆ ಎಂದರು. ಹಾಗಾದರೆ ಅವನು ಐ-864 ಎಂಬ ಅಫಿಡವಿಟ್‌ಗೆ ಸಹಿ ಹಾಕಿರಲೇಬೇಕು.

ನಮ್ಮ ಸಂಘದ ಸಾಲಕ್ಕೆ ಜಾಮೀನು ನಿಲ್ಲುತ್ತೇವಲ್ಲ, ಇದೂ ಹಾಗೆಯೇ. 1996ರ ಕಾಯಿದೆಯ ಪ್ರಕಾರ ಗಂಡ ಆ ಸರ್ಕಾರಕ್ಕೆ ಮಾತು ಕೊಡುತ್ತಾನೆ: ಅಲ್ಲಿಯ ಬಡತನದ ರೇಖೆಯ ಮೇಲೆ ಇನ್ನೂ ಕಾಲು ಭಾಗ ಸೇರಿಸಿದಷ್ಟು ಆದಾಯಕ್ಕಿಂತ ಹೆಂಡತಿ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ ಎಂದು. 2025ರ ಲೆಕ್ಕದಲ್ಲಿ ಒಂಟಿ ಹೆಂಗಸಿಗೆ ಅದು ತಿಂಗಳಿಗೆ ಸುಮಾರು 1,630 ಡಾಲರ್. ಈ ಮಗಳು ಅಂಗಡಿಯೊಂದರಲ್ಲಿ ದುಡಿದು 900 ಡಾಲರ್ ತರುತ್ತಾಳೆ. ಉಳಿದ 730ನ್ನು ಅವನು ತುಂಬಿಕೊಡಬೇಕು. ತಾನಾಗಿ ಕೊಡದಿದ್ದರೆ ಅವಳೇ ಅಲ್ಲಿಯ ಕೋರ್ಟಿನಲ್ಲಿ ದಾವೆ ಹೂಡಬಹುದು. "ಅವಳು ಕೆಲಸ ಹುಡುಕಲಿಲ್ಲ" ಎಂಬ ನೆಪ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದು 2012ರಲ್ಲಿ ಷಿಕಾಗೋದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿದೆ.

ಎಷ್ಟು ದಿನ ಈ ಹೊಣೆ? ಅವಳು ಅಲ್ಲಿಯ ಪೌರಳಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಸೇರುವವರೆಗೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೂ ಮುಗಿಯುತ್ತದೆ. ಡೈವೋರ್ಸ್ ಆದರೆ ಮಾತ್ರ ಮುಗಿಯುವುದಿಲ್ಲ. ಗಂಡ ಮುಚ್ಚಿಟ್ಟದ್ದು ಇದನ್ನೇ.

ಇನ್ನೊಂದು ಬಾಗಿಲೂ ಇದೆ. ಅವಳು ಗ್ರೀನ್ ಕಾರ್ಡಿನ ಹಕ್ಕನ್ನು ಕಳೆದುಕೊಂಡು ಆ ದೇಶ ಬಿಟ್ಟು ಬಂದರೆ ಅವನ ಹೊಣೆ ಅಲ್ಲಿಗೇ ತೀರಿತು. "ಊರಿಗೆ ಹೋಗು" ಎಂಬ ಮಾತಿನ ಗುಟ್ಟು ಈಗ ತಿಳಿಯಿತೇ? ತವರಿಗೆಂದು ಕರೆತಂದು, ಕಾರ್ಡು ಪಾಸ್‌ಪೋರ್ಟು ಕಿತ್ತುಕೊಂಡು ಬಿಟ್ಟುಹೋಗುವ ಗಂಡಂದಿರಿದ್ದಾರೆ. ವರ್ಷಕ್ಕೂ ಮೀರಿ ಇಲ್ಲೇ ಉಳಿದರೆ ಬರೀ ಆ ಕಾರ್ಡು ತೋರಿಸಿ ಮರಳಿ ಒಳಗೆ ಹೋಗಲಾಗದು. ಅದಕ್ಕೇ ಆ ತಾಯಿಗೆ ಹೇಳಿದೆ: "ನೋಡಬೇಕೆನಿಸಿದರೆ ಬಂದು ಹೋಗಲಿ, ಆದರೆ ವಕೀಲರನ್ನು ಕೇಳದೆ ಅಲ್ಲಿಯ ವಾಸ ಬಿಟ್ಟು ಬರುವುದು ಬೇಡ. ಕಾರ್ಡು ಒಪ್ಪಿಸುವ ಐ-407 ಫಾರಂ ಮುಂದಿಟ್ಟರೆ ಸಹಿ ಹಾಕುವುದು ಬೇಡ. ವೀಸಾ ಕಾಗದಗಳಲ್ಲಿ ಐ-864ರ ನಕಲು ಇದ್ದರೆ ಜೋಪಾನವಾಗಿಡಲಿ."

ಅಮೆರಿಕದ ಗಂಡಂದಿರೆಲ್ಲರೂ ಈ ಕಾಗದ ಬರೆದಿರುವುದಿಲ್ಲ. ಕೆಲಸದ ವೀಸಾದ ಮೇಲೆ ಹೋದವನ ಹಿಂದೆ ಎಚ್-4 ವೀಸಾದಲ್ಲಿ ಹೋಗುವ ಹೆಂಡತಿಗೆ ಈ ಜಾಮೀನು ಇಲ್ಲವೇ ಇಲ್ಲ. ಆದ್ದರಿಂದ ಗಂಡಿನ ಸಂಬಳ ಕೇಳುವ ಮೊದಲು ಮಗಳು ಯಾವ ವೀಸಾದಲ್ಲಿ ಹೋಗುತ್ತಾಳೆಂದು ಕೇಳಿ.