ಬಿದ್ದದ್ದು ಯಾವ ಲಿವರ್, ನೋಡಿ ಎತ್ತಿ

ಮನೆಯೊಡೆಯರಲ್ಲಿ, ಬಾಡಿಗೆದಾರರಲ್ಲಿ ಒಂದು ವಿನಂತಿ. ಕರೆಂಟ್ ಹೋದ ಕೂಡಲೇ ಡಿಬಿ ಬಾಕ್ಸ್ ತೆಗೆದು, ಕೆಳಗೆ ಬಿದ್ದ ಲಿವರನ್ನು ಮೇಲೆತ್ತಿಬಿಡಬೇಡಿ. ಬಿದ್ದದ್ದು ಸಾಲಾಗಿರುವ ಸಣ್ಣ ಎಂಸಿಬಿಗಳಲ್ಲೊಂದೋ, ಟೆಸ್ಟ್ ಬಟನ್ ಇರುವ ಅಗಲದ ಆರ್‌ಸಿಸಿಬಿಯೋ ಎಂದು ಮೊದಲು ನೋಡಿ.

ಎಂಸಿಬಿ ನೋಡುವುದು ವೈರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನಷ್ಟೇ. 3000 ವ್ಯಾಟಿನ ಗೀಸರ್, 2000ದ ಇಂಡಕ್ಷನ್ ಒಲೆ, 1000ದ ಇಸ್ತ್ರಿಪೆಟ್ಟಿಗೆ ಒಂದೇ 16 ಆಂಪಿಯರ್ ಲೈನಿನಲ್ಲಿದ್ದರೆ ಸುಮಾರು 26 ಆಂಪಿಯರ್ ಎಳೆಯುತ್ತವೆ. ಆಗ ಎಂಸಿಬಿ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ, ಒಂದಷ್ಟು ಹೊತ್ತಿನ ಮೇಲೆ ಬೀಳುತ್ತದೆ. ಇದು ಓವರ್‌ಲೋಡ್. ಎತ್ತಿದೊಡನೆ ಟಪ್ಪೆಂದು ಬಿದ್ದರೆ ಫೇಸ್, ನ್ಯೂಟ್ರಲ್ ಎಲ್ಲೋ ತಾಗಿಕೊಂಡಿರುವ ಶಾರ್ಟ್ ಸರ್ಕ್ಯೂಟ್ ಇರಬಹುದು. ಮತ್ತೆ ಮತ್ತೆ ಎತ್ತಬೇಡಿ. ಪದೇ ಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕಿಸುವುದಂತೂ ಬೇಡವೇ ಬೇಡ. ವೈರು ಹಳೆಯದೇ ಇರುತ್ತದೆ, ಎಂಸಿಬಿ ಸುಮ್ಮನಿರುವಾಗ ಗೋಡೆಯೊಳಗೆ ಅದು ಕಾಯುತ್ತಿರುತ್ತದೆ.

ಆರ್‌ಸಿಸಿಬಿಯ ಲೆಕ್ಕವೇ ಬೇರೆ. ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಕಡಿಮೆಯಾಗುವಷ್ಟರೊಳಗೆ ಬೀಳುತ್ತದೆ. ಗೀಸರಿನ ಎಲಿಮೆಂಟ್ ಹೊರಕವಚ ತುಕ್ಕು ತಿಂದು ಬಿರಿದರೆ ಕರೆಂಟ್ ನೀರಿಗಿಳಿಯುತ್ತದೆ, ನೀರೂ ಬಿಸಿಯಾಗುತ್ತಲೇ ಇರುತ್ತದೆ. 16 ಆಂಪಿಯರಿನ ಐನೂರರಲ್ಲೊಂದು ಪಾಲೂ ಇಲ್ಲದ ಆ ಸೋರಿಕೆ ಎಂಸಿಬಿಗೆ ಗೊತ್ತೇ ಆಗದು. ಆದರೆ ಅದಕ್ಕಿಂತ ತುಸು ಹೆಚ್ಚಿನದು ಮೈಯೊಳಗೆ ಹರಿದರೂ ಪ್ರಾಣಕ್ಕೆ ಸಂಚಕಾರ.

ಎಲ್ಲಿ ಸೋರುತ್ತಿದೆಯೆಂದು ಪತ್ತೆಹಚ್ಚಲು ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಎಂಸಿಬಿ ಏರಿಸಿ. ಗೀಸರಿನದನ್ನು ಏರಿಸಿ ಸ್ವಿಚ್ ಹಾಕಿದಾಗ ಬಿದ್ದರೆ ಕಳ್ಳ ಸಿಕ್ಕಂತೆ. ರಿಪೇರಿಯಾಗುವವರೆಗೆ ಆ ಗೀಸರ್ ಹಾಕಬೇಡಿ. ಒಂದು ಸೂಕ್ಷ್ಮವಿದೆ. ಎಂಸಿಬಿ ಎಲ್ಲ ಇಳಿದಿದ್ದರೂ ಆರ್‌ಸಿಸಿಬಿ ನಿಲ್ಲದೆ ಹೋಗಬಹುದು. ಒಂಟಿ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಎಲ್ಲಾದರೂ ಅರ್ತಿಗೆ ತಾಗಿದ್ದರೆ ಆ ದಾರಿ ತೆರೆದೇ ಇರುತ್ತದೆ. ಹೀಗಾದರೆ ಪ್ಲಗ್‌ಗಳನ್ನೇ ಕಿತ್ತು ನೋಡಬೇಕು. ಎಲ್ಲ ಕಿತ್ತರೂ ಬೀಳುತ್ತಿದ್ದರೆ ಗೋಡೆಯೊಳಗಿನ ವೈರನ್ನು ಎಲೆಕ್ಟ್ರಿಷಿಯನ್ ಮೆಗ್ಗರ್ ಹಾಕಿ ಪರೀಕ್ಷಿಸಲಿ.

ಮಳೆಗಾಲದಲ್ಲಿ ಕಿರಿಕಿರಿಯಾಗುತ್ತದೆಂದು ಆರ್‌ಸಿಸಿಬಿಯನ್ನು ಬಿಟ್ಟು ಡೈರೆಕ್ಟ್ ಕೊಡಲು ಯಾರೇ ಹೇಳಿದರೂ ದಯವಿಟ್ಟು ಒಪ್ಪಬೇಡಿ. ಅದಿದೆಯೆಂದು ಮೈಮರೆಯುವುದೂ ಬೇಡ: ಒಬ್ಬರೇ ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಮುಟ್ಟಿ, ಭೂಮಿಗೆ ಕರೆಂಟ್ ಹೋಗದಿದ್ದರೆ ಲೆಕ್ಕ ತಪ್ಪುವುದಿಲ್ಲ, ಅದು ಬೀಳುವುದೂ ಇಲ್ಲ. ಈ ವಾರವೇ, ಕರೆಂಟ್ ಇರುವಾಗ, ಟೆಸ್ಟ್ ಬಟನ್ ಒತ್ತಿ ನೋಡಿ. ಲಿವರ್ ಬೀಳದಿದ್ದರೆ ಆರ್‌ಸಿಸಿಬಿ ಬದಲಿಸಿ.