ದೂರು ಪೆಟ್ಟಿಗೆ ಇದೆ, ಚೀಟಿ ಯಾಕೆ ಬೀಳ್ತಿಲ್ಲ? ಶಾಲೆಯಲ್ಲಿ ಕಾಟ ತಡೆಯೋ ನಿಯಮ ಕೈಕೊಡೋದು ಎಲ್ಲಿ?

ಶಾಲೆ ಶುರುವಾದ್ರೆ ಪೋಷಕರ ಸಭೆಯಲ್ಲಿ ಶೂ, ಯೂನಿಫಾರಂ, ಬಸ್ ಪಾಸ್ ಬಗ್ಗೆ ಮಾತಾಗುತ್ತೆ. ದೊಡ್ಡ ಹುಡುಗರು ಚಿಕ್ಕವರಿಗೆ ಕೊಡೋ ಕಾಟದ ಮಾತು ಬರೋದು ಏನಾದ್ರೂ ಅನಾಹುತ ಆದ ಮೇಲೆ. ಆಗ ಸಿಗೋ ಉತ್ತರ ಒಂದೇ: "ನಮ್ಮಲ್ಲಿ ದೂರು ಪೆಟ್ಟಿಗೆ ಇದೆ, ಯಾರೂ ಚೀಟಿ ಹಾಕಿಲ್ಲ." ಚೀಟಿ ಬಿದ್ದಿಲ್ಲ ಅಂದ ಮಾತ್ರಕ್ಕೆ ಕಾಟ ಇಲ್ಲ ಅಂತ ಅರ್ಥವಲ್ಲ. ಚೀಟಿ ಹಾಕಿದ್ರೆ ಸಂಜೆಯೊಳಗೆ ತನ್ನ ಹೆಸರು ಹೊರಗೆ ಬರುತ್ತೆ ಅನ್ನೋ ಭಯ ಮಕ್ಕಳಿಗಿದೆ.

ಕಾಗದದ ಮೇಲೆ ನಿಯಮಗಳಿಗೆ ಕೊರತೆ ಇಲ್ಲ. ಸಿಬಿಎಸ್‌ಇ 2015ರಲ್ಲೇ ತನ್ನ ಶಾಲೆಗಳಿಗೆ ಬುಲ್ಲಿಯಿಂಗ್ ತಡೆ ಸಮಿತಿ ಮಾಡಿ ಅಂತ ಸುತ್ತೋಲೆ ಕಳಿಸಿದೆ. ಅದರಲ್ಲಿ ವೈದ್ಯರು, ಆಪ್ತ ಸಮಾಲೋಚಕರು, ಕಾನೂನು ಬಲ್ಲವರು ಎಲ್ಲ ಇರಬೇಕು. ತಾಲೂಕಿನ ಸರ್ಕಾರಿ ಪ್ರೌಢಶಾಲೆಗೆ ಇಷ್ಟು ಜನರನ್ನ ಎಲ್ಲಿಂದ ತರೋದು? ಇಲ್ಲಿ ಕೆಲಸಕ್ಕೆ ಬರೋದು ಮೂರೇ ವಿಷಯ: ಮಗು ಯಾರಿಗೆ ಹೇಳುತ್ತೆ, ಹೇಳಿದ್ದು ಗುಟ್ಟಾಗಿ ಉಳಿಯುತ್ತಾ, ಮನೆಯವರ ಜೊತೆ ಶಾಲೆ ಹೇಗೆ ಮಾತಾಡುತ್ತೆ.

ಒಂದು ಉದಾಹರಣೆ ಅಂದುಕೊಳ್ಳೋಣ. ಹಳ್ಳಿಯಿಂದ ಬಸ್ಸಲ್ಲಿ ಬರೋ ಎಂಟನೇ ಕ್ಲಾಸ್ ಹುಡುಗ. ಹತ್ತನೇ ಕ್ಲಾಸಿನ ಇಬ್ಬರು ದಿನಾ ಅವನಿಂದ 10 ರೂಪಾಯಿ ಕಿತ್ತುಕೊಂಡು ಶಾಲೆ ಎದುರಿನ ಅಂಗಡಿಯಲ್ಲಿ ಚಿಪ್ಸ್ ತಿಂತಾರೆ. ಕೊಡದಿದ್ರೆ ಬ್ಯಾಗ್ ಮೋರಿಗೆ. ಹುಡುಗ ಧೈರ್ಯ ಮಾಡಿ ಹೆಸರಿಲ್ಲದೆ ಚೀಟಿ ಬರೆದು ಪೆಟ್ಟಿಗೆಗೆ ಹಾಕ್ತಾನೆ. ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಸ್ಟರ್ ಮೈಕಲ್ಲೇ ಕೇಳ್ತಾರೆ, "ಹತ್ತನೇ ಕ್ಲಾಸಿನವರ ಮೇಲೆ ಚೀಟಿ ಬಂದಿದೆ, ಬರೆದವರು ಮುಂದೆ ಬನ್ನಿ." ಯಾರೂ ಬರಲ್ಲ. ಆದ್ರೆ ಆ ಇಬ್ಬರಿಗೆ ಯಾರು ಬರೆದಿದ್ದು ಅಂತ ಅಲ್ಲೇ ಗೊತ್ತಾಗುತ್ತೆ, ಯಾಕಂದ್ರೆ ದಿನಾ ದುಡ್ಡು ಕೊಡ್ತಿದ್ದವನು ಒಬ್ಬನೇ. ಸಂಜೆ ಬಸ್ ಸ್ಟ್ಯಾಂಡಲ್ಲಿ ಏಟು ಬೀಳುತ್ತೆ. ಪೆಟ್ಟಿಗೆಗೆ ಮತ್ತೆ ಚೀಟಿ ಬೀಳಲ್ಲ.

ಹೇಳೋಕೆ ಒಂದೇ ಬಾಗಿಲು ಸಾಲದು

ಪೆಟ್ಟಿಗೆ ಹೆಡ್ಮಾಸ್ಟರ್ ರೂಮಿನ ಬಾಗಿಲಲ್ಲಿದ್ರೆ ಚೀಟಿ ಹಾಕೋದು ಎಲ್ಲರ ಕಣ್ಣಿಗೆ ಬೀಳುತ್ತೆ. ಗ್ರಂಥಾಲಯದ ಮೂಲೆಯೋ, ಮಕ್ಕಳು ಹೇಗೂ ಓಡಾಡೋ ಮೆಟ್ಟಿಲ ಪಕ್ಕವೋ ಆದ್ರೆ ಪರವಾಗಿಲ್ಲ. ಬೀಗ ತೆಗೆಯೋ ದಿನ ಗೊತ್ತಿರಬೇಕು, ಇಬ್ಬರು ಸೇರಿ ತೆಗೀಬೇಕು, ಅವರಲ್ಲಿ ಒಬ್ಬರು ಮಹಿಳೆ ಆಗಿರಬೇಕು. ಪೆಟ್ಟಿಗೆ ಜೊತೆಗೆ ನೇರವಾಗಿ ಹೇಳ್ಕೊಳ್ಳೋಕೆ ಒಬ್ಬ ಟೀಚರ್, ಒಬ್ಬ ಮೇಷ್ಟ್ರ ಹೆಸರು ನೋಟಿಸ್ ಬೋರ್ಡಲ್ಲಿ ಇರಬೇಕು.

ಕಾಟ ಕೊಡೋನು ಎಸ್‌ಡಿಎಂಸಿ ಸದಸ್ಯರ ಮಗನೋ, ಶಿಕ್ಷಕರ ಸಂಬಂಧಿಯೋ ಆದ್ರೆ? ಆಗ ಒಳಗಿನ ಬಾಗಿಲು ಮುಚ್ಚಿದ ಹಾಗೇ. ಹೊರಗಿನ ದಾರಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ, ಮಕ್ಕಳ ಸಹಾಯವಾಣಿ 1098, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಈ ದಾರಿಗಳು ಮಗುವಿಗೂ ಮನೆಯವರಿಗೂ ಮೊದಲೇ ಗೊತ್ತಿರಬೇಕು.

ಗುಟ್ಟು ಕಾಯೋದು ಹೇಗೆ

"ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬಾರದು, ಅದು ಉಳಿಸಿಕೊಳ್ಳೋಕೆ ಆಗದ ಮಾತು. "ಇದನ್ನ ಸರಿ ಮಾಡೋಕೆ ಯಾರಿಗೆ ಬೇಕೋ ಅವರಿಗಷ್ಟೇ ಹೇಳ್ತೀನಿ, ಹೇಳೋ ಮುಂಚೆ ನಿನಗೆ ತಿಳಿಸ್ತೀನಿ" ಅನ್ನೋದು ನಿಜವಾದ ಮಾತು.

ನಮ್ಮ ಉದಾಹರಣೆಯಲ್ಲಿ ಚೀಟಿಯನ್ನ ಹೊರಗೆ ತೆಗೆಯೋ ಅಗತ್ಯವೇ ಇರಲಿಲ್ಲ. ಶಾಲೆ ಬಿಡೋ ಹೊತ್ತಿಗೆ ಒಬ್ಬ ಮೇಷ್ಟ್ರು ಎರಡು ಮೂರು ದಿನ ಅಂಗಡಿ ಹತ್ತಿರ ನಿಂತಿದ್ರೆ ದುಡ್ಡು ಕೈ ಬದಲಾಗೋದು ಅವರ ಕಣ್ಣಿಗೇ ಬೀಳ್ತಿತ್ತು. ಆಗ ಕ್ರಮ ಆಗೋದು ಮೇಷ್ಟ್ರು ನೋಡಿದ್ದರ ಮೇಲೆ, ಹುಡುಗ ಬರೆದಿದ್ದರ ಮೇಲಲ್ಲ. ವಿಚಾರಿಸಲೇಬೇಕಾದ್ರೆ ಒಬ್ಬನನ್ನೇ ಕರೆಯದೆ ಆ ಬಸ್ಸಲ್ಲಿ ಬರೋ ಏಳೆಂಟು ಮಕ್ಕಳನ್ನ ಒಬ್ಬೊಬ್ಬರಾಗಿ ಕರೆದು ಮಾತಾಡಿಸಬೇಕು. ದೂರಿನ ಪುಸ್ತಕ ಬೀರುವಿನಲ್ಲಿ ಬೀಗದೊಳಗೆ ಇರಬೇಕು, ಸ್ಟಾಫ್ ರೂಮಿನ ಟೇಬಲ್ ಮೇಲಲ್ಲ.

ಇದಕ್ಕೆ ಮಿತಿಯೂ ಇದೆ. ಮಗು ಹೇಳಿದ್ದರಲ್ಲಿ ಮೈ ಮುಟ್ಟಿದ್ದು, ಬಟ್ಟೆ ಬಿಚ್ಚಿಸಿದ್ದು, ಅಶ್ಲೀಲ ಫೋಟೋ ತೆಗೆದಿದ್ದು ಬಂದ್ರೆ ಅದು ಶಾಲೆ ಒಳಗೇ ಮುಗಿಸೋ ವಿಷಯ ಅಲ್ಲ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತೆ. ಮಾಡಿದವನೂ ಹುಡುಗನೇ ಅಂತ ಬಿಡೋ ಹಾಗಿಲ್ಲ. ತಿಳಿಸದೆ ಮುಚ್ಚಿಟ್ರೆ ಮುಚ್ಚಿಟ್ಟವರಿಗೇ ಶಿಕ್ಷೆ.

ಮನೆಯವರನ್ನ ಒಟ್ಟಿಗೆ ಕರೆಯಬೇಡಿ

ಸಾಮಾನ್ಯವಾಗಿ ಎರಡೂ ಮನೆಯವರನ್ನ ಒಂದೇ ರೂಮಲ್ಲಿ ಕೂರಿಸಿ ರಾಜಿ ಮಾಡಿಸ್ತಾರೆ. ಹತ್ತು ನಿಮಿಷದಲ್ಲಿ ಮಾತು ಹುಡುಗರನ್ನ ಬಿಟ್ಟು ಜಾತಿ, ಜಮೀನು, ಹಳೇ ಎಲೆಕ್ಷನ್ ಕಡೆ ಹೋಗುತ್ತೆ. ಕೊನೆಗೆ ಇಬ್ಬರು ಹುಡುಗರ ಕೈ ಕುಲುಕಿಸಿ ಕಳಿಸ್ತಾರೆ, ಹೊಡೆಸಿಕೊಂಡವನೇ ಇನ್ನಷ್ಟು ಚಿಕ್ಕವನಾಗ್ತಾನೆ.

ಬೇರೆ ಬೇರೆ ಹೊತ್ತಿಗೆ ಕರೆಯಬೇಕು. ನೊಂದ ಮಗುವಿನ ಮನೆಯವರಿಗೆ ಅದೇ ದಿನ: ಏನಾಯ್ತು, ಶಾಲೆ ಏನು ಮಾಡ್ತಿದೆ, ಮುಂದೆ ಯಾವ ದಿನ ಮತ್ತೆ ಮಾತಾಡ್ತೀವಿ. ಇನ್ನೊಂದು ಮನೆಯವರಿಗೆ "ನಿಮ್ಮ ಮಗ ರೌಡಿ" ಅನ್ನಬಾರದು. ಯಾವ ದಿನ, ಎಲ್ಲಿ, ಎಷ್ಟು ದುಡ್ಡು ತಗೊಂಡ ಅಂತ ನೋಡಿದ್ದನ್ನಷ್ಟೇ ಹೇಳಬೇಕು. ದೂರು ಕೊಟ್ಟಿದ್ದು ಯಾರು ಅಂತ ಕೇಳಿದ್ರೆ ಉತ್ತರ ಒಂದೇ: "ನಮ್ಮ ಮೇಷ್ಟ್ರು ನೋಡಿದಾರೆ."

ನಿಜವಾದ ಪರೀಕ್ಷೆ ಅದಾದ ಮೇಲೆ. ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅದೇ ಶಿಕ್ಷಕರು ಮನೆಗೆ ಫೋನ್ ಮಾಡಬೇಕು. "ಈಗ ಸರಿ ಇದೆಯಾ" ಅಂತ ಕೇಳಿದ್ರೆ "ಹ್ಞೂಂ" ಅನ್ನೋದೇ ಉತ್ತರ. ಅದರ ಬದಲು ಕೇಳಬೇಕಾದ್ದು: ಯಾವ ಬಸ್ಸಿಗೆ ಬರ್ತಾನೆ, ಊಟಕ್ಕೆ ಯಾರ ಜೊತೆ ಕೂರ್ತಾನೆ, ಕೊಟ್ಟ ದುಡ್ಡು ಉಳಿಯುತ್ತಾ? ದಾರಿ ಬದಲಿಸಿದ್ರೆ, ಜಾಸ್ತಿ ದುಡ್ಡು ಕೇಳ್ತಿದ್ರೆ, ಬೆಳಿಗ್ಗೆ ಹೊಟ್ಟೆನೋವು ಅಂತ ಪದೇ ಪದೇ ರಜೆ ಹಾಕ್ತಿದ್ರೆ ಕಾಟ ನಿಂತಿಲ್ಲ, ಜಾಗ ಬದಲಾಗಿರಬಹುದು.

ಅಂಗಡಿಯವರಿಗೂ ಒಂದು ಪಾಲು

ಗೇಟ್ ಹೊರಗೆ ಆಗೋದನ್ನ ಮೊದಲು ನೋಡೋರು ಶಾಲೆ ಎದುರಿನ ಅಂಗಡಿಯವರು. ಒಬ್ಬನೇ ಹುಡುಗ ದಿನಾ ದುಡ್ಡು ಕೊಟ್ಟು, ತಿನ್ನೋರು ಬೇರೆಯವರಾದ್ರೆ ಅದು ಗಮನಿಸಬೇಕಾದ ವಿಷಯ. ಅಲ್ಲೇ ಗದರಿದ್ರೆ ಸಿಟ್ಟು ಚಿಕ್ಕ ಹುಡುಗನ ಮೇಲೆ ಇಳಿಯುತ್ತೆ. ನೋಡಿದ ದಿನ, ಹೊತ್ತು ನೆನಪಿಟ್ಟು ಬೋರ್ಡಲ್ಲಿ ಹೆಸರಿರೋ ಶಿಕ್ಷಕರಿಗೆ ತಿಳಿಸಿದ್ರೆ ಸಾಕು. ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕೋದು ಬೇಡ. ವಿಷಯ ತನಿಖೆಗೆ ಹೋದ್ರೆ ಮಗುವಿನ ಹೆಸರು, ಫೋಟೋ, ಶಾಲೆಯ ಗುರುತು ಹೊರಗೆ ಹಾಕೋದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಇದು ನಮ್ಮಂಥ ಸುದ್ದಿ ಹಾಕೋರಿಗೂ ಅನ್ವಯ.

ಮುಂದಿನ ಪೋಷಕರ ಸಭೆಯಲ್ಲಿ ಪೆಟ್ಟಿಗೆ ಇದೆಯಾ ಅಂತ ಕೇಳಬೇಡಿ. ಅದನ್ನ ಕೊನೆಯ ಸಲ ಯಾವ ದಿನ ತೆಗೆದ್ರಿ, ಬೀಗದ ಕೈ ಯಾರ ಹತ್ರ ಇದೆ, ಚೀಟಿ ಬಂದ್ರೆ ನಮಗೆ ಫೋನ್ ಮಾಡೋರು ಯಾರು ಅಂತ ಕೇಳಿ. ಮೂರಕ್ಕೂ ಅಲ್ಲೇ ಉತ್ತರ ಬಂದ್ರೆ ಆ ಶಾಲೆಯಲ್ಲಿ ನಿಯಮ ನಡೀತಿದೆ ಅಂತ ಲೆಕ್ಕ.